ಮಿಲಿಯನ್ನನ್ನು ಲಕ್ಷಕ್ಕೆ ತಂದ ಕಥೆ

ಮುಂಬಯಿಯ ಒಂದು ಕಂಪನಿಯ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುವ ಕೆಲಸ ಬಂದಿತ್ತು. ಕರಡನ್ನು ಕುಂಬಳೆಯಲ್ಲಿರುವ ನಮ್ಮ ಭಾವನಿಗೆ ತೋರಿಸಿದೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮೊದಲ ಪುಟದಲ್ಲೇ ನಿಂತರು: "ಇದೆಂತ ಮಾರಾಯ, 849.81 ಮಿಲಿಯನ್? ನಮ್ಮ ಲೆಕ್ಕದಲ್ಲಿ ಎಷ್ಟು ಹೇಳು."

ಹತ್ತು ಮಿಲಿಯನ್ ಅಂದರೆ ಒಂದು ಕೋಟಿ. ಹತ್ತರಿಂದ ಭಾಗಿಸಿದರೆ ಮುಗಿಯಿತು ಅಂದುಕೊಂಡೆ. ಮೂರು ವಿಭಾಗಗಳ ಆದಾಯ 412.36, 287.27, 150.18 ಮಿಲಿಯನ್ ಇತ್ತು. ಎರಡು ದಶಮಾಂಶಕ್ಕೆ ಸುತ್ತಿದಾಗ ಅವು 41.24, 28.73, 15.02 ಕೋಟಿಯಾದವು. ಭಾವ ಪೆನ್ಸಿಲ್ ಹಿಡಿದು ಕೂಡಿಸಿದರು, 84.99 ಬಂತು. ಕೆಳಗೆ ಮೊತ್ತ ಅಂತ ನಾನು ಬರೆದದ್ದು 84.98. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಆದರೆ ಕೋಟಿಯಲ್ಲಿ 0.01 ಅಂದರೆ ಒಂದು ಲಕ್ಷ ರೂಪಾಯಿ ಅಲ್ವಾ!

ಹಾಗಾಗಿ ಕೋಷ್ಟಕಗಳಲ್ಲಿ ಕೋಟಿ ಬಿಟ್ಟು ಲಕ್ಷ ಹಿಡಿದೆ. ಹತ್ತರಿಂದ ಗುಣಿಸಿದರೆ 4,123.6, 2,872.7, 1,501.8, ಒಟ್ಟು 8,498.1 ಲಕ್ಷ. ಏನೂ ಸುತ್ತಬೇಕಾಗಿಲ್ಲ, ಕೂಡಿದರೆ ಸರಿಯಾಗಿ ಬರುತ್ತದೆ. ಕೋಷ್ಟಕದ ತಲೆಯಲ್ಲಿ ಒಮ್ಮೆ "₹ ಲಕ್ಷಗಳಲ್ಲಿ" ಅಂತ ಹಾಕಿದರೆ ಸಾಕು, ಸಾಲು ಸಾಲಿಗೂ "ರೂ." ಬೇಡ. ಓದುವ ವಾಕ್ಯದಲ್ಲಿ ಮಾತ್ರ "ಸುಮಾರು 85 ಕೋಟಿ ರೂಪಾಯಿ" ಅಂತ ಬರೆದೆ. ಒಂದು ಕಡೆ ಮಾತ್ರ ಎಡವಿದೆ: ಇಡೀ ಕಾಲಂ ಗುಣಿಸುವಾಗ ಕೊನೆಯ ಸಾಲಿನಲ್ಲಿದ್ದ ಪ್ರತಿ ಷೇರಿನ ಗಳಿಕೆಯೂ ಹತ್ತು ಪಟ್ಟಾಯಿತು. ಅದು ಮೊದಲೇ ರೂಪಾಯಿಯಲ್ಲಿತ್ತು. ಶೇಕಡಾವಾರು ಸಾಲುಗಳನ್ನೂ ಹಾಗೇ ಬಿಡಬೇಕು.

ಟಿಪ್ಪಣಿಗಳಲ್ಲಿ ಪೂರ್ಣ ರೂಪಾಯಿಯ ಅಂಕಿಗಳಿದ್ದವು. 12,345,678 ಅನ್ನು 1,23,45,678 ಮಾಡಲು ಎಕ್ಸೆಲ್‌ನಲ್ಲಿ ಈ ಫಾರ್ಮ್ಯಾಟ್ ಹಾಕಿದೆ:

```
[>=10000000]##\,##\,##\,##0;[>=100000]##\,##\,##0;##,##0
```

ಲಾಭಕ್ಕೆ ಚೆನ್ನಾಗಿ ಕೆಲಸ ಮಾಡಿತು, ನಷ್ಟಕ್ಕೆ ಕೈಕೊಟ್ಟಿತು. ಋಣ ಸಂಖ್ಯೆ ಮೊದಲ ಎರಡು ಷರತ್ತಿಗೂ ಸಿಗದೆ ಮೂರನೆಯದಕ್ಕೆ ಬಿದ್ದು -12,345,678 ಅಂತಲೇ ಉಳಿಯುತ್ತದೆ. ಕೊನೆಗೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ English (India) ಆರಿಸಿ, ಸಾದಾ `#,##0` ಹಾಕಿದೆ. ಎರಡೂ ಸರಿಯಾದವು.

ತಾರೀಕಿನ ಕಥೆ ಬೇರೆ. ಒಂದು ಕಡೆ 05/04/2023 ಅಂತಿತ್ತು. ನಮಗೆ ಅದು ಏಪ್ರಿಲ್ 5. ಆದರೆ ಅದೇ ಟಿಪ್ಪಣಿಯಲ್ಲಿ ಮುಂದೆ 12/27/2022 ಸಿಕ್ಕಿತು. ಇಪ್ಪತ್ತೇಳನೇ ತಿಂಗಳು ಎಲ್ಲಿಂದ ಬರಬೇಕು? ಅಂದರೆ ತಿಂಗಳು ಮೊದಲು, ಹಾಗಾಗಿ ಆ ತಾರೀಕು ಮೇ 4. ಕಂಪನಿಯವರನ್ನು ಕೇಳಿ ಖಚಿತ ಮಾಡಿಕೊಂಡು "2023ರ ಮೇ 4" ಅಂತ ತಿಂಗಳ ಹೆಸರಿನಲ್ಲೇ ಬರೆದೆ. FY23 ಅನ್ನೂ "2022-23" ಮಾಡಿದೆ.

ಜಾಗದ ಅಳತೆ ಹೆಕ್ಟೇರಿನಲ್ಲಿತ್ತು. ಎಕರೆಗೆ ತಂದೆ, ಹೆಕ್ಟೇರಿಗೆ 2.47 ಎಕರೆ. ನಮ್ಮ ಕಡೆಯವರಿಗೆ ಸೆಂಟ್ಸೇ ಹತ್ತಿರ, ಆದರೆ ಗುಂಟೆ ಲೆಕ್ಕದ ಊರಿನವರೂ ಇದನ್ನು ಓದುತ್ತಾರಲ್ಲ. ಹಾಗಾಗಿ ಎಕರೆಯಲ್ಲೇ ನಿಲ್ಲಿಸಿ, ಮೂಲದ ಹೆಕ್ಟೇರನ್ನು ಪಕ್ಕದಲ್ಲೇ ಉಳಿಸಿದೆ. ಭಾವ ಎರಡನೇ ಸಲ ಪೆನ್ಸಿಲ್ ಹಿಡಿದು ಕೂತಾಗ ಮೊತ್ತಗಳೆಲ್ಲ ತಾಳೆಯಾದವು.