ಟ್ರಿಪ್ ಮುಗಿದ ಮೇಲೆ ಡ್ರೈವರ್ ಜೊತೆಗಿನ ಚಾಟ್ ಎಲ್ಲಿ ಸಿಗುತ್ತದೆ?

ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಆಟೊ ಬುಕ್ ಮಾಡಿದ್ದೀರಿ ಎಂದುಕೊಳ್ಳಿ. ಆ್ಯಪ್ ತೋರಿಸಿದ್ದು 180 ರೂಪಾಯಿ. ಚಾಟ್‌ನಲ್ಲಿ ಡ್ರೈವರ್ ಬರೆಯುತ್ತಾರೆ: ‘ಮೇಲೆ 50 ಕೊಟ್ರೆ ಬರ್ತೀನಿ, ಇಲ್ಲಾಂದ್ರೆ ಕ್ಯಾನ್ಸಲ್ ಮಾಡಿ ಮೇಡಂ.’ ನೀವು ಕ್ಯಾನ್ಸಲ್ ಒತ್ತುತ್ತೀರಿ, ನಿಮ್ಮ ಮೇಲೆಯೇ ದಂಡ ಬೀಳುತ್ತದೆ. ದೂರು ಕೊಡೋಣವೆಂದು ನೋಡಿದರೆ ಚಾಟ್ ಮಾಯ.

ಬಹುತೇಕ ಆ್ಯಪ್‌ಗಳಲ್ಲಿ ಚಾಟ್ ಆ ಒಂದು ಟ್ರಿಪ್‌ಗೆ ಕಟ್ಟಿದ್ದು. ಟ್ರಿಪ್ ಮುಗಿದರೂ ಸರಿ, ರದ್ದಾದರೂ ಸರಿ, ಅದು ನಿಮ್ಮ ಪರದೆಯಿಂದ ಹೋಗುತ್ತದೆ. ಹಾಗೆಂದು ಕಂಪನಿಯ ಸರ್ವರ್‌ನಿಂದಲೂ ಅಳಿಸಿತು ಎಂದಲ್ಲ. ಅಲ್ಲಿ ಉಳಿದಿರುವುದನ್ನು ಕಂಪನಿ ತೆರೆದು ನೋಡಬೇಕಾದರೆ ದೂರಿನಲ್ಲಿ ಕೇಳಬೇಕು.

ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಕ್ಯಾನ್ಸಲ್. ಎರಡು ಚಿತ್ರ ಬೇಕು: ಸಮಯ ಕಾಣುವಂತೆ ಚಾಟ್‌ನದು ಒಂದು, ಡ್ರೈವರ್ ಹೆಸರು ಮತ್ತು ಗಾಡಿ ನಂಬರ್ ಇರುವ ಪುಟದ್ದು ಇನ್ನೊಂದು. ಚಾಟ್ ಮಾತ್ರ ಇದ್ದರೆ ಅದು ಯಾವ ಟ್ರಿಪ್‌ನದು ಎಂದು ತೋರಿಸುವುದು ಕಷ್ಟ.

ಸ್ಕ್ರೀನ್‌ಶಾಟ್ ತೆಗೆಯಲು ಮರೆತಿರಾ? ಆಂಡ್ರಾಯ್ಡ್ 11 ಅಥವಾ ಅದರ ನಂತರದ ಫೋನಾದರೆ ಇನ್ನೊಂದು ದಾರಿ ಉಂಟು. Settings ಒಳಗೆ Notifications, ಅಲ್ಲಿ Notification history. ಸ್ಯಾಮ್‌ಸಂಗ್‌ನಲ್ಲಿ ಇದು Advanced settings ಒಳಗೆ ಅಡಗಿರುತ್ತದೆ. ಪರದೆಯ ಮೇಲೆ ಬಂದುಹೋದ ಸಂದೇಶಗಳು 24 ಗಂಟೆ ಇಲ್ಲಿ ಉಳಿಯುತ್ತವೆ. ಆದರೆ ಇದನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಆಮೇಲೆ ಆನ್ ಮಾಡಿದರೆ ಹಿಂದಿನದು ಸಿಗದು. ಡ್ರೈವರ್ ಬರೆದದ್ದು ಮಾತ್ರ ಸಿಗುತ್ತದೆ, ನಿಮ್ಮ ಉತ್ತರ ಇರುವುದಿಲ್ಲ. ಚಾಟ್ ತೆರೆದಿಟ್ಟುಕೊಂಡಿದ್ದಾಗ ಬಂದ ಸಂದೇಶಕ್ಕೆ ಸಾಮಾನ್ಯವಾಗಿ ನೋಟಿಫಿಕೇಶನ್ನೇ ಬರದ ಕಾರಣ ಅದೂ ಇಲ್ಲಿರದು. ಐಫೋನ್‌ನಲ್ಲಿ ಇಂಥ ಪಟ್ಟಿಯೇ ಇಲ್ಲ.

ಕರೆಯ ವಿಷಯ ಬೇರೆ. ಕಾಲ್ ಲಾಗ್‌ನಲ್ಲಿ ಕಾಣುವುದು ಹೆಚ್ಚಾಗಿ ಡ್ರೈವರ್ ನಂಬರ್ ಅಲ್ಲ, ಕಂಪನಿ ನಡುವೆ ಇಟ್ಟ ನಂಬರ್. ಮರುದಿನ ಅದಕ್ಕೆ ಫೋನ್ ಮಾಡಿದರೆ ಅವರು ಸಿಗುವುದಿಲ್ಲ. ಆದರೂ ಲಾಗ್ ಅಳಿಸಬೇಡಿ, ಎಷ್ಟು ಹೊತ್ತಿಗೆ ಎಷ್ಟು ನಿಮಿಷ ಮಾತಾಯಿತು ಎಂಬುದು ಅಲ್ಲಿದೆ. ಆ್ಯಪ್‌ನೊಳಗಿನ ಇಂಟರ್ನೆಟ್ ಕರೆಯಾದರೆ ಆ ಗುರುತೂ ಇರಲಿಕ್ಕಿಲ್ಲ. ಹೆಚ್ಚುವರಿ 50 ಅನ್ನು ಯುಪಿಐನಲ್ಲಿ ಕೊಟ್ಟಿದ್ದರೆ ಅದರ 12 ಅಂಕಿಯ ಯುಟಿಆರ್ ಸಂಖ್ಯೆ ಸ್ಕ್ರೀನ್‌ಶಾಟ್‌ಗಿಂತಲೂ ಗಟ್ಟಿ, ಏಕೆಂದರೆ ಅದು ಬ್ಯಾಂಕಿನಲ್ಲೂ ಇರುತ್ತದೆ.

ಇಷ್ಟನ್ನು ಕೂಡಿಸಿ, ಆ್ಯಪ್‌ನ ಹಿಂದಿನ ಟ್ರಿಪ್‌ಗಳ ಪಟ್ಟಿಯಲ್ಲಿ ಆ ಟ್ರಿಪ್ ತೆರೆದು ಅಲ್ಲಿಂದಲೇ ದೂರು ಹಾಕಿ. ಟ್ರಿಪ್ ಸಂಖ್ಯೆ ತಾನಾಗಿ ಜೊತೆಗೆ ಹೋಗುತ್ತದೆ. ‘ಈ ಟ್ರಿಪ್‌ನ ಚಾಟ್ ದಾಖಲೆ ಪರಿಶೀಲಿಸಿ, ಅಳಿಸದೆ ಉಳಿಸಿ’ ಎಂದು ಸ್ಪಷ್ಟವಾಗಿ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.