ರೂಟರ್ ಇಮೇಲನ್ನು ಮನೆಯವರಿಗೆ ಕನ್ನಡದಲ್ಲಿ ಬರೆದುಕೊಡುವಾಗ

ಇಂಟರ್ನೆಟ್ ನಿಂತಾಗ ರೂಟರನ್ನು ಹೇಗೆ ಸರಿಪಡಿಸಬೇಕೆಂದು ಕಂಪನಿ ಕಳಿಸುವ ಇಮೇಲಿನ ಇಂಗ್ಲಿಷ್ ವಾಕ್ಯಗಳ ಕ್ರಮವನ್ನು ಬಿಟ್ಟು, ಕೈ ಮಾಡುವ ಕೆಲಸದ ಕ್ರಮದಲ್ಲಿ ಬರೆಯಿರಿ. ಎಚ್ಚರಿಕೆಯ ಮಾತು ಇಮೇಲಿನ ಕೊನೆಯಲ್ಲಿದ್ದರೂ ಮೊದಲಿಗೆ ತನ್ನಿ. ಆದರೆ ರೂಟರಿನ ದೀಪಗಳ ಹೆಸರನ್ನು ಅನುವಾದಿಸಬೇಡಿ; ರೂಟರ್ ಪೆಟ್ಟಿಗೆಯ ಮೇಲಿರುವ ಅಕ್ಷರಗಳನ್ನೇ ಅವರು ಹುಡುಕುವುದು. ಫೈಬರ್ ಸಂಪರ್ಕಕ್ಕೆ ನಾನು ಬರೆದುಕೊಟ್ಟದ್ದು ಹೀಗಿತ್ತು:

1. ಸಣ್ಣ ತೂತಿನೊಳಗಿನ ರೀಸೆಟ್ ಗುಂಡಿಯನ್ನು ಮುಟ್ಟಬೇಡಿ. ಒತ್ತಿದರೆ ವೈಫೈ ಪಾಸ್‌ವರ್ಡ್, ಲಾಗಿನ್ ಎಲ್ಲವೂ ಅಳಿಸಿಹೋಗಬಹುದು.
2. ರೂಟರಿನ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ.
3. ಐದು ನಿಮಿಷ ಕಾಯಿರಿ. PON ದೀಪ ಮಿನುಗದೆ ಹಸಿರಾಗಿ ಉರಿಯಬೇಕು.
4. LOS ದೀಪ ಕೆಂಪಗಿದ್ದರೆ ಅಲ್ಲಿಗೇ ನಿಲ್ಲಿಸಿ, ಕಂಪನಿಗೆ ಫೋನ್ ಮಾಡಿ.

ನಾಲ್ಕನೆಯದು ಮುಖ್ಯ. ಕೆಂಪು ದೀಪವೆಂದರೆ ಫೈಬರ್ ತಂತಿಯಲ್ಲಿ ಬೆಳಕೇ ಬರುತ್ತಿಲ್ಲ, ಇಲ್ಲವೇ ಸಾಲದಷ್ಟು ಬರುತ್ತಿದೆ. ಮತ್ತೆ ಮತ್ತೆ ಸ್ವಿಚ್ ಒತ್ತಿ ಪ್ರಯೋಜನವಿಲ್ಲ.