102 ಮಾತ್ರೆಯ ಲೆಕ್ಕ: ಸ್ಕ್ಯಾನಿನಿಂದ ಷಟ್ಪದಿಯನ್ನು ಮರಳಿ ಪಡೆದದ್ದು

ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಹಾಡುವ ಹರಿಕಥಾಮೃತಸಾರದ ಹಳೆಯ ಪ್ರತಿ ಅಂಗೈಯಗಲದ್ದು. ಅದನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಪುಟಪುಟವನ್ನೂ ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶಕ್ಕೆ ಕೊಟ್ಟೆ:

```
tesseract p012.png p012 -l kan --psm 6
```

ಬಂದ ಪಠ್ಯದಲ್ಲಿ ಎರಡು ತಪ್ಪು ಪುಟಪುಟಕ್ಕೂ ಇದ್ದವು. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಕೂತಿತ್ತು. ಅರ್ಕಾವತ್ತು ಒಂಬತ್ತರ ಅಂಕಿಯಾಗಿ 'ಕಮ೯' ಎಂದಾಗಿತ್ತು. ಕಣ್ಣಿಗೆ ಎರಡೂ ಸರಿಯಾಗಿಯೇ ಕಾಣುತ್ತವೆ, ಹುಡುಕಿದರೆ ಮಾತ್ರ ಪದ ಸಿಗುವುದಿಲ್ಲ. ಅಂಕಿಯನ್ನೆಲ್ಲ ಒಟ್ಟಿಗೆ ಬದಲಿಸಿದರೆ ಪದ್ಯದ ಸಂಖ್ಯೆ ಕೆಡುತ್ತದೆ. ಹಾಗಾಗಿ ಅಕ್ಷರಕ್ಕೆ ಅಂಟಿಕೊಂಡು ಬಂದ ಅಂಕಿಯನ್ನಷ್ಟೇ ತಿದ್ದಬೇಕು:

```
perl -CSD -Mutf8 -i.bak -pe '
s/(?<=[ಅ-ೌ])೦/ಂ/g;
s/([ಕ-ಹ](?:್[ಕ-ಹ])*[ಾ-ೌ]?)೯/ರ್$1/g' p012.txt
```

ಕಷ್ಟವಾದದ್ದು ಸಾಲುಗಳು. ಈ ಕೃತಿ ಇರುವುದು ಭಾಮಿನಿ ಷಟ್ಪದಿಯಲ್ಲಿ. ಅದರಲ್ಲಿ 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23; ಒಟ್ಟು 102. ಸಣ್ಣ ಪುಟದಲ್ಲಿ ಉದ್ದದ ಸಾಲು ಹಿಡಿಸದೆ ಕೆಳಗಿಳಿದಿರುತ್ತದೆ, ಆರು ಸಾಲು ಎಂಟಾಗುತ್ತದೆ. ನಾನು ಮೊದಲು ಇಡೀ ಪದ್ಯವನ್ನು ಒಂದೇ ಸಾಲಾಗಿ ಕೂಡಿಸಿ, ಆಮೇಲೆ ಆದಿಪ್ರಾಸ ಹಿಡಿದು ಒಡೆದೆ. ಮೊದಲ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ರಕಾರ: ಶ್ರೀರ, ಚಾರು, ಮೀರ, ನೀರ, ಕಾರ, ನಾರ. ಕೆಳಗಿಳಿದ ತುಂಡು 'ವೇಂದ್ರ ಮುಖವಿನುತ' ಎಂದು ಶುರುವಾಗಿದ್ದರೆ ಅದು ಹೊಸ ಸಾಲಲ್ಲ, ಅಲ್ಲಿ ಪ್ರಾಸವಿಲ್ಲ.

ಎರಡನೆಯ ಸಾಲಿನಲ್ಲಿ ಎಚ್ಚರ ಬೇಕು:

ಚಾರುಚರಣಸರೋಜ ಬ್ರಹ್ಮಸ
ಮೀರವಾಣಿ ಫಣೀಂದ್ರ ವೀಂದ್ರ ಭವೇಂದ್ರ ಮುಖವಿನುತ

ತುಂಡಾಗಿ ಕಾಣುವ 'ಸ'ವನ್ನು ಕೆಳಗೆ ತಳ್ಳಿ 'ಸಮೀರವಾಣಿ' ಎಂದು ಸೇರಿಸಲು ಕೈ ತುರಿಸುತ್ತದೆ. ಸೇರಿಸಿದರೆ ಪ್ರಾಸ ಹೋಗುತ್ತದೆ, ಮಾತ್ರೆ 13 ಮತ್ತು 24 ಆಗುತ್ತದೆ. ಪದ ಒಡೆದೇ ಇರಲಿ. ಇದೇ ಸಾಲಿನಲ್ಲಿ 'ಜ' ಒತ್ತಕ್ಷರದ ಹಿಂದಿದೆಯೆಂದು ಗುರು ಎಂದು ಎಣಿಸಿದರೆ 15 ಬರುತ್ತದೆ. ಇದು ಒತ್ತಕ್ಷರವನ್ನು ತೇಲಿಸಿ ಹೇಳುವ ಶಿಥಿಲದ್ವಿತ್ವ, 'ಜ' ಲಘುವೇ. ಲೆಕ್ಕ ಒಂದು ಹೆಚ್ಚಾಯಿತೆಂದು ಅಕ್ಷರ ಕೀಳಬಾರದು.

ಎಣಿಕೆಯಿಂದ ಸಿಗುವುದು ಉದ್ದದ ತಪ್ಪು ಮಾತ್ರ. 'ಸಿಂಹನೆ' ಹೋಗಿ 'ಸಿಹನೆ' ಆದರೆ 4ರ ಗಣ 3 ಆಗುತ್ತದೆ, ದೀರ್ಘ ಬಿದ್ದು 'ಮಿರ' ಆದರೂ ಹಾಗೆಯೇ. ಆದರೆ 'ನಮಿಪೆ' ಎಂಬುದು 'ನವಿುಪೆ' ಆಗಲಿ 'ನಮಿವೆ' ಆಗಲಿ ಲೆಕ್ಕಕ್ಕೆ ಸಿಗುವುದು ಖಚಿತವಿಲ್ಲ. ಪ-ವ, ಬ-ಭ, ದ-ಧಗಳ ನಡುವೆ ಮಾತ್ರೆಯ ವ್ಯತ್ಯಾಸವೇ ಇಲ್ಲ. ಅದಕ್ಕೆ ಚಿತ್ರವನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿದೆ, ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿದೆ. ಬಾಯಿಪಾಠ ಇರುವ ಹಿರಿಯರು ಓದಿದರೆ ತಪ್ಪು ಬೇಗ ಸಿಗುತ್ತದೆ, ಆದರೆ ಅವರ ಪಾಠ ಬೇರೆಯಿದ್ದರೆ ನಾನು ಅಚ್ಚಿನದನ್ನೇ ಉಳಿಸಿ, ಅವರದನ್ನು ಬೇರೆ ಕಡತದಲ್ಲಿ ಪದ್ಯಸಂಖ್ಯೆಯೊಂದಿಗೆ ಬರೆದಿಡುತ್ತೇನೆ.